ಬೇರೆ ಭಾಷೆಯ ಪದ್ಯವನ್ನು ಪ್ರಬಂಧದಲ್ಲಿ ಉಲ್ಲೇಖಿಸುವ ಕ್ರಮ: ಮೂಲ, ಲಿಪ್ಯಂತರ, ಅನುವಾದ ಮತ್ತು ಅನುವಾದಕರ ಹೆಸರು

ತೀರ್ಥಹಳ್ಳಿಯ ಕಡೆ ಜೂನ್ ತಿಂಗಳ ಮೊದಲ ದೊಡ್ಡ ಮಳೆ ಹೊಯ್ದ ಮೇಲೆ ಅಂಗಳದಿಂದ ಅಡಿಕೆ ತೋಟದ ಬಸಿಗಾಲುವೆಗೆ ಇಳಿಯುವ ನೀರನ್ನು ಒಂದು ತಂಬಿಗೆಯಲ್ಲಿ ಹಿಡಿದರೆ ಅದು ಕೆಂಪಾಗಿರುತ್ತದೆ. ತಂಬಿಗೆಯನ್ನು ಜಗಲಿಯ ಮೇಲಿಟ್ಟು ಸಂಜೆಯವರೆಗೆ ಬಿಟ್ಟರೂ ಆ ಬಣ್ಣ ಪೂರ್ತಿ ತಿಳಿಯಾಗುವುದಿಲ್ಲ. ಕೆಲವು ವರ್ಷಗಳ ಹಿಂದೆ ಮುಂಗಾರಿನ ಮೇಲೆ ಒಂದು ಪ್ರಬಂಧ ಬರೆಯುವಾಗ ಈ ಕೆಂಪು ನೀರಿನ ಜೊತೆಗೆ ನನಗೆ ನೆನಪಾದದ್ದು ‘ಕುಱುಂದೊಗೈ’ ಎಂಬ ಹಳೆಯ ತಮಿಳು ಸಂಕಲನದ 40ನೆಯ ಪದ್ಯ. ಐದೇ ಸಾಲಿನ ಆ ಪದ್ಯವನ್ನು ನಾನು ಕನ್ನಡದಲ್ಲಿ ಕೊಟ್ಟು, ಕೆಳಗೆ ‘ತಮಿಳಿನಿಂದ ಅನುವಾದ’ ಎಂದು ಬರೆದೆ. ಪ್ರಬಂಧ ಅಚ್ಚಾದ ಮೇಲೆ ಭದ್ರಾವತಿಯಿಂದ ತಮಿಳು ಮನೆಮಾತಿನ ಹಿರಿಯ ಓದುಗರೊಬ್ಬರು ಫೋನ್ ಮಾಡಿದರು. “ಮೇಷ್ಟ್ರೇ, ಪದ್ಯ ಚೆನ್ನಾಗಿದೆ, ಆದರೆ ಇದು ತಮಿಳಿನಿಂದ ಬಂದದ್ದಲ್ಲ, ಇಂಗ್ಲಿಷಿನಿಂದ ಬಂದದ್ದು” ಎಂದರು. ಅವರು ಹೇಳಿದ್ದು ನಿಜವಾಗಿತ್ತು. ನನ್ನ ಎದುರಿಗೆ ಇದ್ದದ್ದು ಎ.ಕೆ. ರಾಮಾನುಜನ್ ಅವರ ಇಂಗ್ಲಿಷ್ ಅನುವಾದ. ತಮಿಳು ಪಾಠವನ್ನು ನಾನು ತೆರೆದೂ ನೋಡಿರಲಿಲ್ಲ.

ಅವರಿಗೆ ಅದು ಹೇಗೆ ತಿಳಿಯಿತು ಎಂಬುದನ್ನು ಮುಂದೆ ವಿವರಿಸುತ್ತೇನೆ. ಆ ಪದ್ಯವನ್ನು ಮತ್ತೆ ಮೊದಲಿನಿಂದ ಸರಿಪಡಿಸುತ್ತ ಕಲಿತ ಕ್ರಮವನ್ನು, ಅದೇ ಪದ್ಯವನ್ನು ಮುಂದಿಟ್ಟುಕೊಂಡು ಇಲ್ಲಿ ಹೇಳುತ್ತಿದ್ದೇನೆ. ತಮಿಳಿನ ಬದಲು ಮಲಯಾಳಂ, ಉರ್ದು ಅಥವಾ ಪ್ರಾಕೃತದ ಪದ್ಯವಿದ್ದರೂ ಹೆಜ್ಜೆಗಳು ಇವೇ.

ಮೊದಲು ಮೂಲದ ಪಾಠವನ್ನು ಗೊತ್ತುಮಾಡಿಕೊಳ್ಳುವುದು

ಅನುವಾದಕ್ಕೆ ಕೈ ಹಾಕುವ ಮುನ್ನ ಮೂಲ ಪದ್ಯ ಯಾವ ಆವೃತ್ತಿಯಲ್ಲಿ ಹೇಗಿದೆ ಎಂಬುದನ್ನು ನೋಡಬೇಕು. ಕುಱುಂದೊಗೈ ನಾಲ್ಕರಿಂದ ಎಂಟು ಸಾಲುಗಳ ಸುಮಾರು ನಾನೂರು ಪದ್ಯಗಳ ಸಂಕಲನ, ಉ.ವೇ. ಸ್ವಾಮಿನಾಥ ಅಯ್ಯರ್ ಅವರು ಟೀಕೆಯೊಡನೆ ಸಂಪಾದಿಸಿದ ಆವೃತ್ತಿ 1937ರಲ್ಲಿ ಪ್ರಕಟವಾಯಿತು. ಇಂಥ ಸಂಕಲನಗಳಿಂದ ಉಲ್ಲೇಖಿಸುವಾಗ ಪುಟಸಂಖ್ಯೆಗಿಂತ ಪದ್ಯಸಂಖ್ಯೆ ಮುಖ್ಯ. ಪುಟ ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತದೆ, ಪದ್ಯದ ಸಂಖ್ಯೆ ಬದಲಾಗುವುದಿಲ್ಲ. ನಮ್ಮ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ 7 ಮತ್ತು 8ನೆಯ ಸಂಪುಟಗಳಲ್ಲಿ, 1902 ಮತ್ತು 1904ರಲ್ಲಿ, ಪ್ರಕಟಿಸಿದಾಗ ಕನ್ನಡ ಲಿಪಿಯ ಪಾಠ, ರೋಮನ್ ಲಿಪ್ಯಂತರ, ಇಂಗ್ಲಿಷ್ ಅನುವಾದ ಮೂರನ್ನೂ ಬೇರೆ ಬೇರೆ ಭಾಗಗಳಲ್ಲಿ ಕೊಟ್ಟರು. ಮೂರಕ್ಕೂ ತಾಲ್ಲೂಕುವಾರು ಒಂದೇ ಸಂಖ್ಯೆ ಇದ್ದುದರಿಂದಲೇ ಶಿಕಾರಿಪುರದ ಒಂದು ಶಾಸನದ ಅನುವಾದ ಓದಿದವನು ಅದರ ಕನ್ನಡ ಪಾಠಕ್ಕೆ ನೇರವಾಗಿ ಹೋಗಬಲ್ಲ. ನಿಮ್ಮ ಪ್ರಬಂಧದ ಓದುಗನಿಗೂ ಅಂಥ ದಾರಿ ಇರಬೇಕು.

ಪದ್ಯ ಯಾರದು ಎಂಬುದನ್ನು ಬರೆಯುವಾಗಲೂ ಸ್ವಲ್ಪ ನಿಧಾನಿಸಬೇಕು. ಈ ಪದ್ಯದ ಕವಿಯನ್ನು ‘ಚೆಂಬುಲಪ್ಪೆಯನೀರಾರ್’ ಎನ್ನುತ್ತಾರೆ. ಅದು ಅವನ ಸ್ವಂತ ಹೆಸರಲ್ಲ. ಪದ್ಯದ ನಾಲ್ಕನೆಯ ಸಾಲಿನ ಉಪಮೆಯೇ ಕವಿಗೆ ಹೆಸರಾಗಿದೆ. ನಿಜವಾದ ಹೆಸರು ಉಳಿದಿಲ್ಲವೆಂದು ‘ಅಜ್ಞಾತ ಕವಿ’ ಎಂದು ಬರೆದರೆ, ಪರಂಪರೆ ಅವನಿಗೆ ಕೊಟ್ಟ ಹೆಸರನ್ನೂ ನಾವು ಕಿತ್ತುಕೊಂಡಂತಾಗುತ್ತದೆ. ಹಾಗೆಯೇ ಪದ್ಯದ ಕೊನೆಗೆ ಗದ್ಯದಲ್ಲಿ ಒಂದು ಟಿಪ್ಪಣಿ ಇರುತ್ತದೆ: ಕೂಡಿದ ಮೇಲೆ ಇವನು ತನ್ನನ್ನು ಬಿಟ್ಟುಹೋಗುವನೇನೋ ಎಂದು ಹೆದರಿದ ನಾಯಕಿಯ ಮುಖಭಾವ ಕಂಡು ನಾಯಕ ಹೇಳಿದ್ದು ಎಂದು. ಈ ಟಿಪ್ಪಣಿ ಕವಿಯದಲ್ಲ, ಆಮೇಲೆ ಸಂಕಲಿಸಿದವರದು. ಅದನ್ನು ಪ್ರಬಂಧದಲ್ಲಿ ಬಳಸುವುದಾದರೆ ನಿಮ್ಮ ವಾಕ್ಯದಲ್ಲಿ ಬಳಸಿ. ಪದ್ಯದ ಐದು ಸಾಲುಗಳಿಗೆ ಅಂಟಿಸಬೇಡಿ.

ಪಾಠದ ವಿಷಯದಲ್ಲಿ ಇನ್ನೊಂದು ತೊಡಕಿದೆ. ಹಳೆಯ ತಮಿಳು ಪದ್ಯಗಳನ್ನು ಮುದ್ರಿಸುವಾಗ ಪದಗಳ ನಡುವೆ ಜಾಗ ಬಿಡುವುದು ಅರ್ಥಕ್ಕೆ ತಕ್ಕಂತೆ ಅಲ್ಲ, ಛಂದಸ್ಸಿನ ಗಣಕ್ಕೆ ತಕ್ಕಂತೆ. ಈ ಗಣವನ್ನು ತಮಿಳಿನಲ್ಲಿ ‘ಚೀರ್’ ಎನ್ನುತ್ತಾರೆ. ಹೀಗಾಗಿ ಕೊನೆಯ ಸಾಲಿನ ‘ತಾಂ ಕಲಂದನವೇ’ ಎಂಬುದು ಸಂಧಿಯಾಗಿ, ಗಣದ ಪ್ರಕಾರ ಒಡೆದು ‘ತಾಂಗಲನ್ ದನವೇ’ ಎಂದು ನಿಲ್ಲುತ್ತದೆ. ಇದನ್ನು ಹಾಗೆಯೇ ಕನ್ನಡ ಲಿಪಿಗೆ ಇಳಿಸಿದರೆ ನಮ್ಮ ಓದುಗನ ಕಣ್ಣಿಗೆ ಮೊದಲು ಬೀಳುವುದು ‘ದನ’. ಆದ್ದರಿಂದ ಛಂದಸ್ಸಿನ ಚರ್ಚೆ ಮಾಡುವವರು ಗಣವಿಭಾಗವನ್ನು ಉಳಿಸಿಕೊಳ್ಳಲಿ; ಭಾವಕ್ಕಾಗಿ, ಅರ್ಥಕ್ಕಾಗಿ ಉಲ್ಲೇಖಿಸುವವರು ಸಂಧಿ ಬಿಡಿಸಿ ಪದವಿಭಾಗ ಮಾಡಿ, ಹಾಗೆ ಮಾಡಿದ್ದೇವೆ ಎಂದು ಆಧಾರದ ಸಾಲಿನಲ್ಲಿ ಹೇಳಲಿ.

ಲಿಪ್ಯಂತರ: ಅಕ್ಷರಕ್ಕೋ, ಉಚ್ಚಾರಕ್ಕೋ

ಮೂಲವನ್ನು ಮೂಲದ ಲಿಪಿಯಲ್ಲೇ ಕೊಡುವುದು ಉತ್ತಮ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಅದಕ್ಕೆ ಎರಡು ಷರತ್ತುಗಳಿವೆ: ಮುದ್ರಿಸುವವರ ಬಳಿ ಆ ಲಿಪಿಯ ಫಾಂಟ್ ಇರಬೇಕು, ಕರಡು ತಿದ್ದುವವರಿಗೆ ಆ ಲಿಪಿ ಓದಲು ಬರಬೇಕು. ಎರಡರಲ್ಲಿ ಒಂದಿಲ್ಲದಿದ್ದರೂ ಬೇರೆ ಲಿಪಿಯ ಸಾಲುಗಳು ತಪ್ಪಾಗಿ ಅಚ್ಚಾಗುತ್ತವೆ, ಮತ್ತು ಆ ತಪ್ಪು ನಮ್ಮಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಅಂಥ ಕಡೆ ನಾನು ಮಾಡುವುದು ಇಷ್ಟು: ಮೂಲದ ಒಂದೊಂದು ಅಕ್ಷರಕ್ಕೂ ಕನ್ನಡದ ಒಂದೊಂದು ಅಕ್ಷರ ಗೊತ್ತುಮಾಡಿ, ಮೂಲವನ್ನು ತಿಳಿದವನು ಮರಳಿ ಅದೇ ಲಿಪಿಗೆ ತಿರುಗಿಸಿಕೊಳ್ಳಬಹುದಾದ ಅಕ್ಷರನಿಷ್ಠ ಲಿಪ್ಯಂತರವನ್ನು ಮೂಲದ ಸ್ಥಾನದಲ್ಲಿ ಇಡುತ್ತೇನೆ. ಸಂಸ್ಕೃತ ಶ್ಲೋಕಗಳನ್ನು ನಾವು ತಲೆಮಾರುಗಳಿಂದ ಕನ್ನಡ ಲಿಪಿಯಲ್ಲೇ ‘ಮೂಲ’ವೆಂದು ಓದುತ್ತ ಬಂದದ್ದು ಇದೇ ನ್ಯಾಯದಿಂದ.

ತಮಿಳಿನ ಮಟ್ಟಿಗೆ ಕನ್ನಡ ಲಿಪಿಗೆ ಒಂದು ಅನುಕೂಲವಿದೆ. ತಮಿಳಿನ ವಿಶಿಷ್ಟ ಧ್ವನಿಗಳೆಂದು ನಾವು ಭಾವಿಸುವ ಎರಡು ಅಕ್ಷರಗಳು ಹಳಗನ್ನಡದಲ್ಲಿ ನಮ್ಮವೂ ಆಗಿದ್ದವು: ೞ ಮತ್ತು ಱ. ಬಳ್ಳಿಗಾವಿಯ ಶಾಸನಗಳ ಪಾಠ ಓದಿದವರಿಗೆ ಶಕಟರೇಫವಾದ ಱ ಹೊಸದಲ್ಲ. ತಮಿಳಿನ ‘ವೞಿ’ಯನ್ನು ‘ವಳಿ’ ಎಂದೋ ‘ವಝಿ’ ಎಂದೋ ಬರೆಯುವ ರೂಢಿ ಬೆಳೆದಿರುವುದು ಈ ಅಕ್ಷರಗಳನ್ನು ಮರೆತದ್ದರಿಂದ. ‘ಳ’ ಬರೆದರೆ ತಮಿಳಿನಲ್ಲಿ ಬೇರೆಯೇ ಇರುವ ಇನ್ನೊಂದು ಅಕ್ಷರದ ಜೊತೆ ಗೊಂದಲವಾಗುತ್ತದೆ. ‘ಝ’ ಬರೆದರೆ, ರೋಮನ್ ಲಿಪಿಯಲ್ಲಿ ಎರಡು ಅಕ್ಷರ ಜೋಡಿಸಿ ಬರೆಯುವ ಪದ್ಧತಿಯನ್ನು ಕನ್ನಡಕ್ಕೆ ತಂದಂತಾಗುತ್ತದೆ, ಉಚ್ಚಾರವಂತೂ ಪೂರಾ ಕೆಡುತ್ತದೆ.

ಈ ಎರಡೂ ಅಕ್ಷರಗಳು ಯುನಿಕೋಡ್‌ನಲ್ಲಿವೆ. ಱ ಇರುವ ಸ್ಥಾನ `U+0CB1`, ೞ ಇರುವ ಸ್ಥಾನ `U+0CDE`. ಎರಡನೆಯದನ್ನು ಅಕ್ಷರಪಟ್ಟಿಯಲ್ಲಿ ಹುಡುಕುವವರು ಒಂದು ಮಾತು ನೆನಪಿಟ್ಟುಕೊಳ್ಳಬೇಕು. ಅದರ ಅಧಿಕೃತ ಹೆಸರು ತಪ್ಪಾಗಿ `KANNADA LETTER FA` ಎಂದು ದಾಖಲಾಗಿದೆ. ಒಮ್ಮೆ ಇಟ್ಟ ಹೆಸರನ್ನು ಯುನಿಕೋಡ್ ಬದಲಿಸುವುದಿಲ್ಲವಾದ್ದರಿಂದ ಹಾಗೆಯೇ ಉಳಿದಿದೆ. ಹೆಸರು ನೋಡಿ ಇದಲ್ಲವೆಂದು ಬಿಟ್ಟುಬಿಡಬೇಡಿ, ನಮಗೆ ಬೇಕಾದ ೞ ಅದೇ.

ಇನ್ನು ತಮಿಳು ಲಿಪಿಯಲ್ಲಿ ಕ ಮತ್ತು ಗ, ತ ಮತ್ತು ದ, ಪ ಮತ್ತು ಬ ಇವಕ್ಕೆ ಬೇರೆ ಬೇರೆ ಅಕ್ಷರಗಳಿಲ್ಲ. ಅಕ್ಷರ ಎಲ್ಲಿ ಬರುತ್ತದೆ ಎಂಬುದರ ಮೇಲೆ ಉಚ್ಚಾರ ನಿರ್ಧಾರವಾಗುತ್ತದೆ. ಹಾಗಾಗಿ ಅಕ್ಷರನಿಷ್ಠ ರೂಪವೂ ಉಚ್ಚಾರದ ರೂಪವೂ ಬೇರೆಯಾಗುತ್ತವೆ. ಪದ್ಯದ ಅಕ್ಷರನಿಷ್ಠ ರೂಪ, ಸಂಧಿ ಬಿಡಿಸಿ ಬರೆದಾಗ, ಹೀಗಿರುತ್ತದೆ:

ಯಾಯುಮ್ ಞಾಯುಮ್ ಯಾರಾಕಿಯರೋ
ಎನ್ತೈಯುಮ್ ನುನ್ತೈಯುಮ್ ಎಮ್ಮುಱೈಕ್ ಕೇಳಿರ್
ಯಾನುಮ್ ನೀಯುಮ್ ಎವ್ವೞಿ ಅಱಿತುಮ್
ಚೆಮ್ಪುಲಪ್ ಪೆಯನೀರ್ ಪೋಲ
ಅನ್ಪುಟೈ ನೆಞ್ಚಮ್ ತಾಮ್ ಕಲನ್ತನವೇ

ಓದುಗನು ಬಾಯಿಬಿಟ್ಟು ಓದಲೆಂದು ಕೊಡುವ ಉಚ್ಚಾರದ ರೂಪ ಹೀಗೆ:

ಯಾಯುಂ ಞಾಯುಂ ಯಾರಾಗಿಯರೋ
ಎಂದೈಯುಂ ನುಂದೈಯುಂ ಎಮ್ಮುಱೈಕ್ ಕೇಳಿರ್
ಯಾನುಂ ನೀಯುಂ ಎವ್ವೞಿ ಅಱಿದುಂ
ಚೆಂಬುಲಪ್ ಪೆಯನೀರ್ ಪೋಲ
ಅನ್ಬುಡೈ ನೆಂಜಂ ತಾಂ ಕಲಂದನವೇ

ಎರಡನ್ನೂ ಪ್ರಬಂಧದಲ್ಲಿ ಕೊಡಬೇಕಾಗಿಲ್ಲ. ಮೂಲ ಲಿಪಿ ಮೇಲೆ ಇದ್ದರೆ ಕೆಳಗೆ ಉಚ್ಚಾರದ ರೂಪ ಸಾಕು. ಮೂಲ ಲಿಪಿ ಇಲ್ಲದಿದ್ದರೆ ಅಕ್ಷರನಿಷ್ಠ ರೂಪ ಬೇಕೇ ಬೇಕು. ಎರಡನ್ನು ಬೆರೆಸುವುದು ಮಾತ್ರ ಕೂಡದು. ಒಂದು ಸಾಲಿನಲ್ಲಿ ‘ಎನ್ತೈ’ ಎಂದು, ಮುಂದಿನ ಸಾಲಿನಲ್ಲಿ ‘ಚೆಂಬುಲ’ ಎಂದು ಬರೆದರೆ ಓದುಗನಿಗೆ ಮೂಲದ ಅಕ್ಷರವೂ ಸಿಗುವುದಿಲ್ಲ, ಸರಿಯಾದ ಉಚ್ಚಾರವೂ ಸಿಗುವುದಿಲ್ಲ. ನಾನು ನೋಡಿದ ಲಿಪ್ಯಂತರಗಳಲ್ಲಿ ಅತಿ ಹೆಚ್ಚು ಕಾಣುವ ದೋಷ ಇದು. ಬರೆದ ಮೇಲೆ ‘ಂದ’ ಮತ್ತು ‘ನ್ತ’ ಎರಡೂ ಬಂದಿವೆಯೇ ಎಂದು ಹುಡುಕಿ ನೋಡಿದರೆ ಥಟ್ಟನೆ ಸಿಕ್ಕಿಬೀಳುತ್ತದೆ.

ತಮಿಳಿನಲ್ಲಿ ಎರಡು ಬಗೆಯ ‘ನ’ಕಾರಗಳಿವೆ, ಕನ್ನಡದಲ್ಲಿ ಒಂದೇ. ಒಂದು ಪದದ ಮೊದಲಲ್ಲಿ ಮತ್ತು ‘ತ’ಕಾರದ ಹಿಂದೆ ಬರುವುದು, ಇನ್ನೊಂದು ಉಳಿದ ಕಡೆ ಬರುವುದು. ಸ್ಥಾನ ನೋಡಿಯೇ ತಮಿಳು ಬಲ್ಲವರು ಯಾವುದೆಂದು ಹೇಳಬಲ್ಲರು. ಅದಕ್ಕಾಗಿ ಹೊಸ ಗುರುತು ಹುಟ್ಟಿಸುವುದು ಅನಗತ್ಯ. ಉರ್ದು ಪದ್ಯಗಳಲ್ಲಿ ಮಾತ್ರ ಜ಼, ಫ಼ ಎಂದು ಕೆಳಗೆ ಚುಕ್ಕೆ ಇಡಲೇಬೇಕಾಗುತ್ತದೆ, ಅಲ್ಲಿ ಸ್ಥಾನದಿಂದ ಏನೂ ತಿಳಿಯುವುದಿಲ್ಲ.

ಲಿಪ್ಯಂತರ ಕನ್ನಡ ಲಿಪಿಯಲ್ಲಿ ಇರುವುದರಿಂದಲೇ ಒಂದು ಅಪಾಯವೂ ಇದೆ. ನಮ್ಮ ಓದುಗನಿಗೆ ಅದು ಅರ್ಧ ಅರ್ಥವಾದಂತೆ ತೋರುತ್ತದೆ. ಎರಡನೆಯ ಸಾಲಿನ ಕೊನೆಯ ‘ಕೇಳಿರ್’ ಎಂಬುದನ್ನು ಯಾರಾದರೂ ‘ಕೇಳಿರಿ’ ಎಂದೇ ಓದಿಕೊಳ್ಳುತ್ತಾರೆ. ಅಲ್ಲಿ ಅದರ ಅರ್ಥ ‘ನೆಂಟರು’. ನಮ್ಮ ‘ಕೆಳೆ’, ‘ಗೆಳೆಯ’ ಪದಗಳ ಕಡೆಯದು. ಇಂಥ ಪದ ಇದ್ದಾಗ ಲಿಪ್ಯಂತರದ ಕೆಳಗೋ ನಿಮ್ಮ ಮುಂದಿನ ವಾಕ್ಯದಲ್ಲೋ ಅದರ ಅರ್ಥವನ್ನು ಬಿಡಿಸಿ ಹೇಳಿ.

ಅನುವಾದ ಯಾವ ದಾರಿಯಿಂದ ಬಂತು

ಭದ್ರಾವತಿಯ ಓದುಗರಿಗೆ ನನ್ನ ಅನುವಾದ ಇಂಗ್ಲಿಷಿನಿಂದ ಬಂದದ್ದೆಂದು ಗೊತ್ತಾದದ್ದು ಎರಡು ಗುರುತುಗಳಿಂದ. ನಾನು ಕೊನೆಯ ಎರಡು ಸಾಲುಗಳನ್ನು ‘ಒಲವಿನಲ್ಲಿ ನಮ್ಮ ಹೃದಯಗಳು ಬೆರೆತಿವೆ / ಕೆಂಪು ಮಣ್ಣು ಮತ್ತು ಸುರಿವ ಮಳೆಯಂತೆ’ ಎಂದು ಬರೆದಿದ್ದೆ. ಮೂಲದಲ್ಲಿ ಉಪಮೆ ಮೊದಲು, ಬೆರೆಯುವುದು ಆಮೇಲೆ. ಪದ್ಯ ಮುಗಿಯುವುದೇ ‘ಕಲಂದನವೇ’ ಎಂಬ ಕ್ರಿಯಾಪದದಲ್ಲಿ. ಇಂಗ್ಲಿಷಿನ ವಾಕ್ಯಕ್ಕೆ ಹೊಂದುವಂತೆ ರಾಮಾನುಜನ್ ಅವರು ಉಪಮೆಯನ್ನು ಕೊನೆಗಿಟ್ಟರು. ಆ ಭಾಷೆಯಲ್ಲಿ ಅದು ಸುಂದರವಾಗಿ ನಿಲ್ಲುತ್ತದೆ. ಎರಡನೆಯ ಗುರುತು ‘ಮತ್ತು’. ಮೂಲದಲ್ಲಿ ಮಣ್ಣು ಒಂದು, ಮಳೆ ಇನ್ನೊಂದು ಎಂದು ಎರಡನ್ನು ಪಕ್ಕಪಕ್ಕ ಇಟ್ಟಿಲ್ಲ. ಕೆಂಪು ನೆಲದ ಮೇಲೆ ಬಿದ್ದ ಮಳೆಯ ನೀರು ಎಂಬ ಒಂದೇ ಸಮಾಸವಿದೆ. ತಂಬಿಗೆಯಲ್ಲಿ ಹಿಡಿದ ಕೆಂಪು ನೀರು ಅದು, ಮಣ್ಣನ್ನೂ ನೀರನ್ನೂ ಬೇರೆ ಮಾಡಿ ತೋರಿಸಲಾಗದು. ಇಂಗ್ಲಿಷಿನ ಮೂಲಕ ಹೋದ ನನಗೆ ಅಂಗಳದಲ್ಲೇ ಇದ್ದ ಆ ನೀರು ಕಾಣದೆ ಹೋಯಿತು.

ಆಮೇಲೆ ನಾನು ಭದ್ರಾವತಿಗೆ ಹೋಗಿ, ಟೀಕೆಯೊಡನೆ ತಮಿಳು ಪಾಠವನ್ನು ಎದುರಿಗಿಟ್ಟುಕೊಂಡು, ಆ ಹಿರಿಯರ ಬಳಿ ಪದ ಪದವಾಗಿ ಕೇಳಿ ಬರೆದುಕೊಂಡೆ. “ನೋಡಿ ಮೇಷ್ಟ್ರೇ, ಇದು ನಾವು ಮನೆಯಲ್ಲಿ ಆಡುವ ತಮಿಳಲ್ಲ, ಟೀಕೆ ಇಲ್ಲದೆ ನನಗೂ ಬಿಡಿಸಲು ಆಗುವುದಿಲ್ಲ” ಎಂದು ಅವರು ಮೊದಲೇ ಹೇಳಿದರು. ಇದು ಗಮನಿಸಬೇಕಾದ ಮಾತು. ಭಾಷೆ ಬಲ್ಲವರೊಬ್ಬರು ಪರಿಚಯವಿದ್ದಾರೆ ಎಂದ ಮಾತ್ರಕ್ಕೆ ಎರಡು ಸಾವಿರ ವರ್ಷದ ಆಸುಪಾಸಿನ ಪದ್ಯ ತೆರೆದುಕೊಳ್ಳುವುದಿಲ್ಲ; ನಮ್ಮಲ್ಲೂ ಪಂಪನ ಚಂಪೂ ಪದ್ಯವನ್ನು ದಿನನಿತ್ಯ ಕನ್ನಡ ಆಡುವವರೆಲ್ಲ ಬಿಡಿಸಲಾರರಷ್ಟೆ.

ಪದವಿವರ ಬರೆದುಕೊಳ್ಳುವ ಈ ಕೆಲಸವನ್ನು ಪ್ರಬಂಧಕ್ಕೆ ಬೇಕಾಗಲಿ ಬೇಡವಾಗಲಿ, ಮಾಡಲೇಬೇಕು. ನಾಲ್ಕನೆಯ ಸಾಲನ್ನು ಹಾಗೆ ಬಿಡಿಸಿದಾಗ ಸಿಕ್ಕದ್ದು ಇದು: ‘ಚೆಂ’ ಎಂದರೆ ನಮ್ಮ ‘ಕೆಂ’, ಕೆಂಪು. ‘ಪುಲಂ’ ಎಂದರೆ ನಮ್ಮ ‘ಪೊಲ’, ಇಂದಿನ ‘ಹೊಲ’. ‘ಪೆಯಲ್’ ಎಂದರೆ ಮಳೆ ಬೀಳುವುದು; ಅದರ ಧಾತು ‘ಪೆಯ್’, ನಮ್ಮ ‘ಹೊಯ್’. ‘ನೀರ್’ ನೀರೇ. ‘ಪೋಲ’ ಎಂಬುದು ನಮ್ಮ ‘ಹೋಲು’ ಕ್ರಿಯಾಪದದ ಬಳಗ. ನಾನು ಇಂಗ್ಲಿಷಿನಿಂದ ತಂದ ‘ಸುರಿವ ಮಳೆ’ಯ ಜಾಗದಲ್ಲಿ ‘ಹೊಯ್ದ ಮಳೆ’ ತಾನಾಗಿ ಬಂದು ಕೂತಿತು. ಮಲೆನಾಡಿನಲ್ಲಿ ಮಳೆ ‘ಹೊಯ್ಯುತ್ತದೆ’ ಎನ್ನುವುದೇ ವಾಡಿಕೆ. ಮೊದಲ ಸಾಲುಗಳಲ್ಲಿ ‘ಯಾಯ್’ ಎಂದರೆ ‘ನನ್ನ ತಾಯಿ’, ‘ಞಾಯ್’ ಎಂದರೆ ‘ನಿನ್ನ ತಾಯಿ’. ನನ್ನ, ನಿನ್ನ ಎಂಬುದು ಪದದೊಳಗೇ ಇದೆ. ‘ಎಂದೈ’, ‘ನುಂದೈ’ ಕೂಡ ಹಾಗೆಯೇ. ಕನ್ನಡದಲ್ಲಿ ಇದನ್ನು ಒಂದೇ ಪದದಲ್ಲಿ ತರಲು ಬರುವುದಿಲ್ಲ, ಸಾಲು ಉದ್ದವಾಗುತ್ತದೆ. ಆ ನಷ್ಟವನ್ನು ಒಪ್ಪಿಕೊಂಡು ನಾನು ಕೊನೆಗೆ ಇಟ್ಟ ಅನುವಾದ:

ನನ್ನ ತಾಯಿಗೂ ನಿನ್ನ ತಾಯಿಗೂ ಏನು ಸಂಬಂಧ?
ನನ್ನ ತಂದೆಯೂ ನಿನ್ನ ತಂದೆಯೂ ಯಾವ ಬಗೆಯ ನೆಂಟರು?
ನಾನೂ ನೀನೂ ಯಾವ ದಾರಿಯಲ್ಲಿ ಅರಿತೆವು?
ಕೆಂಪು ಹೊಲಕ್ಕೆ ಹೊಯ್ದ ಮಳೆನೀರಿನಂತೆ
ಒಲವುಳ್ಳ ಎದೆಗಳು ತಾವೇ ಕಲೆತುಹೋದವು.

ನಿಮ್ಮ ಅನುವಾದ ಮೂಲದಿಂದ ಬಂದಿದೆಯೇ ಎಂದು ನೀವೇ ಪರೀಕ್ಷಿಸಿಕೊಳ್ಳುವ ದಾರಿ ಇದರಲ್ಲೇ ಇದೆ. ಮೂಲದ ಸಾಲುಗಳ ಕ್ರಮವನ್ನೂ ನಿಮ್ಮ ಸಾಲುಗಳ ಕ್ರಮವನ್ನೂ ಪಕ್ಕದಲ್ಲಿಡಿ. ಬದಲಾವಣೆ ಇದ್ದರೆ ಅದಕ್ಕೆ ಕನ್ನಡದ ಕಾರಣವಿದೆಯೇ, ಅಥವಾ ನಡುವಿನ ಇನ್ನೊಂದು ಭಾಷೆಯ ವಾಕ್ಯರಚನೆ ಕಾರಣವೇ ಎಂದು ನೋಡಿ. ತಮಿಳಿನಂತೆ ಕನ್ನಡದಲ್ಲೂ ಕ್ರಿಯಾಪದ ಕೊನೆಗೆ ಬರುತ್ತದೆ. ಅಂಥ ಎರಡು ಭಾಷೆಗಳ ನಡುವೆ ಕ್ರಿಯಾಪದ ಮುಂದಕ್ಕೆ ಜಾರಿದ್ದರೆ ಅದು ಇಂಗ್ಲಿಷಿನ ಹೆಜ್ಜೆಗುರುತು ಎಂದೇ ತಿಳಿಯಬಹುದು.

ಇಂಗ್ಲಿಷಿನ ಮೂಲಕ ಅನುವಾದ ಮಾಡುವುದು ತಪ್ಪೆಂದು ನಾನು ಹೇಳುತ್ತಿಲ್ಲ. ರಷ್ಯನ್, ಜಪಾನಿ, ಸ್ಪ್ಯಾನಿಷ್ ಕವಿತೆಗಳು ಕನ್ನಡಕ್ಕೆ ಹೆಚ್ಚಾಗಿ ಬಂದಿರುವುದೇ ಆ ದಾರಿಯಲ್ಲಿ. ಆ ದಾರಿಯನ್ನು ಮುಚ್ಚಿಡುವುದು ತಪ್ಪು, ಏಕೆಂದರೆ ಆಗ ನಡುವಿನ ಅನುವಾದಕರು ಮಾಡಿದ ಆಯ್ಕೆಗಳೆಲ್ಲ ಮೂಲ ಕವಿಯ ಲೆಕ್ಕಕ್ಕೋ ನಮ್ಮ ಲೆಕ್ಕಕ್ಕೋ ಹೋಗಿಬಿಡುತ್ತವೆ.

ಹೆಸರಿನ ಸಾಲನ್ನು ಬರೆಯುವುದು

ಪದ್ಯದ ಕೆಳಗೆ ಬರುವ ಸಾಲಿನಲ್ಲಿ ಮೂರು ಪ್ರಶ್ನೆಗಳಿಗೆ ಉತ್ತರ ಇರಬೇಕು: ಮೂಲ ಯಾರದು ಮತ್ತು ಎಲ್ಲಿದೆ, ಅನುವಾದ ಯಾರದು, ಅದು ಯಾವ ಭಾಷೆಯಿಂದ ನೇರವಾಗಿ ಬಂದದ್ದು. ನನ್ನ ತಿದ್ದಿದ ಪ್ರಬಂಧದಲ್ಲಿ ಅದು ಹೀಗಿದೆ:

‘ಚೆಂಬುಲಪ್ಪೆಯನೀರಾರ್, ಕುಱುಂದೊಗೈ, ಪದ್ಯ 40. ಪಾಠ: ಉ.ವೇ. ಸ್ವಾಮಿನಾಥ ಅಯ್ಯರ್ ಅವರ ಆವೃತ್ತಿ, 1937. ಸಂಧಿ ಬಿಡಿಸಿದ್ದು, ಲಿಪ್ಯಂತರ ಮತ್ತು ಅನುವಾದ ಲೇಖಕರದು, ತಮಿಳು ಮೂಲ ಮತ್ತು ಟೀಕೆಯ ಸಹಾಯದಿಂದ.’

ಮೊದಲ ಸಲ ನಾನು ಬರೆಯಬೇಕಾಗಿದ್ದ, ಬರೆಯದೆ ಹೋದ ಸಾಲು ಇದು:

‘ಚೆಂಬುಲಪ್ಪೆಯನೀರಾರ್, ಕುಱುಂದೊಗೈ, ಪದ್ಯ 40. ಎ.ಕೆ. ರಾಮಾನುಜನ್ ಅವರ ಇಂಗ್ಲಿಷ್ ಅನುವಾದದಿಂದ (‘ದಿ ಇಂಟೀರಿಯರ್ ಲ್ಯಾಂಡ್‌ಸ್ಕೇಪ್’, ಇಂಡಿಯಾನಾ ಯೂನಿವರ್ಸಿಟಿ ಪ್ರೆಸ್, 1967) ಕನ್ನಡಕ್ಕೆ ತಂದವರು ಲೇಖಕರು.’

ಬೇರೊಬ್ಬರು ಕನ್ನಡದಲ್ಲಿ ಪ್ರಕಟಿಸಿದ ಅನುವಾದವನ್ನೇ ಬಳಸುವುದಾದರೆ ಅವರ ಹೆಸರು, ಪುಸ್ತಕ, ಪ್ರಕಾಶಕರು, ವರ್ಷ, ಪುಟ ಕೊಡಬೇಕು, ಮತ್ತು ಒಂದು ಪದವನ್ನೂ ಬದಲಿಸಬಾರದು. ಬದಲಿಸಲೇಬೇಕಾದರೆ ‘ನಾಲ್ಕನೆಯ ಸಾಲಿನ ಒಂದು ಪದ ನನ್ನ ಬದಲಾವಣೆ’ ಎಂದು ನಿಖರವಾಗಿ ಹೇಳಬೇಕು. ‘ಅನುವಾದವನ್ನು ಸ್ವಲ್ಪ ಪರಿಷ್ಕರಿಸಲಾಗಿದೆ’ ಎಂಬ ಮಾತು ಸಾಲದು. ಯಾವುದು ಅವರದು, ಯಾವುದು ನಮ್ಮದು ಎಂಬುದು ಅದರಿಂದ ತಿಳಿಯುವುದಿಲ್ಲ. ಹಳಗನ್ನಡ ಪದ್ಯಗಳನ್ನು ಉಲ್ಲೇಖಿಸುವಾಗ ಲಿಪ್ಯಂತರದ ಪ್ರಶ್ನೆ ಇಲ್ಲವಾದರೂ ಈ ನಿಯಮ ಅಲ್ಲಿಯೂ ಇದೆ. ಪದ್ಯದ ಕೆಳಗೆ ಕೊಡುವ ಹೊಸಗನ್ನಡ ಗದ್ಯಾನುವಾದವೂ ಒಬ್ಬರ ಶ್ರಮ. ಅದನ್ನು ಹೆಸರಿಲ್ಲದೆ ನಕಲು ಮಾಡುವುದು ನಮ್ಮಲ್ಲಿ ತೀರ ಸಾಮಾನ್ಯವಾಗಿಬಿಟ್ಟಿದೆ, ಅದು ನನಗೆ ನೋವಿನ ಸಂಗತಿ.

ಅರ್ಥ ಬಿಡಿಸಲು ನೆರವಾದವರನ್ನು ಅನುವಾದಕರೆಂದು ಬರೆಯುವುದೂ ಸರಿಯಲ್ಲ, ಬಿಟ್ಟುಬಿಡುವುದೂ ಸರಿಯಲ್ಲ. ಕನ್ನಡದ ಸಾಲುಗಳಿಗೆ ಹೊಣೆ ನನ್ನದು; ಪದಗಳ ಅರ್ಥ ಹೇಳಿಕೊಟ್ಟದ್ದು ಅವರು. ನಾನು ಅವರ ಒಪ್ಪಿಗೆ ಕೇಳಿ ಪ್ರಬಂಧದ ಕೊನೆಯಲ್ಲಿ ಪ್ರತ್ಯೇಕ ವಾಕ್ಯದಲ್ಲಿ ನೆನೆಯಲು ಹೊರಟಾಗ ಹೆಸರು ಬೇಡವೆಂದರು. ‘ಭದ್ರಾವತಿಯ ತಮಿಳು ಬಲ್ಲ ಹಿರಿಯರೊಬ್ಬರು’ ಎಂದು ಬರೆದೆ.

ಕಾನೂನಿನ ಮಾತನ್ನು ಚಿಕ್ಕದಾಗಿ ಹೇಳುತ್ತೇನೆ. ಪದ್ಯ ಹಳೆಯದಾದ್ದರಿಂದ ಅದು ಎಲ್ಲರದು, ಆದರೆ ಅದರ ಹೊಸ ಅನುವಾದ ಹಾಗಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಾಹಿತ್ಯ ಕೃತಿಯ ಹಕ್ಕು ಕರ್ತೃವಿನ ಜೀವಿತಕಾಲ ಮತ್ತು ಅದರ ಮುಂದಿನ 60 ವರ್ಷ ಇರುತ್ತದೆ. ರಾಮಾನುಜನ್ ಅವರು 1993ರಲ್ಲಿ ತೀರಿಕೊಂಡರು; ಅವರ ಅನುವಾದಗಳ ಹಕ್ಕು ಭಾರತದಲ್ಲಿ 2053ರ ಕೊನೆಯವರೆಗೆ ಇರುತ್ತದೆ. ವಿಮರ್ಶೆಗಾಗಿ ನ್ಯಾಯವಾಗಿ ಉಲ್ಲೇಖಿಸಲು 52ನೆಯ ಕಲಮು ಅವಕಾಶ ಕೊಡುತ್ತದೆ. ಆದರೆ ಐದು ಸಾಲಿನ ಪದ್ಯದಲ್ಲಿ ಐದು ಸಾಲನ್ನೂ ಕೊಟ್ಟರೆ ಅದು ಪೂರ್ತಿ ಕೃತಿಯೇ ಆಗುತ್ತದೆ. ಆದ್ದರಿಂದ ಚರ್ಚೆಗೆ ಬೇಕಾದ ಸಾಲನ್ನು ಮಾತ್ರ ಕೊಡುವುದು, ಅಲಂಕಾರಕ್ಕೆಂದು ಅಧ್ಯಾಯದ ತಲೆಯಲ್ಲಿ ಇಡುವುದಾದರೆ ಅಥವಾ ಪುಸ್ತಕದಲ್ಲಿ ಇಡಿಯಾಗಿ ಮುದ್ರಿಸುವುದಾದರೆ ಪ್ರಕಾಶಕರಿಗೆ ಬರೆದು ಒಪ್ಪಿಗೆ ಪಡೆಯುವುದು ಸುರಕ್ಷಿತ. ಹೆಸರು ಹಾಕಿದ್ದೇವೆ ಎಂಬುದು ಒಪ್ಪಿಗೆಗೆ ಬದಲಾಗದು. ಒಪ್ಪಿಗೆ ಸಿಕ್ಕಿದೆ ಎಂಬುದು ಹೆಸರು ಹಾಕದಿರಲು ಕಾರಣವೂ ಆಗದು.

ಪುಟದ ಮೇಲೆ ಇಡುವುದು, ಕರಡು ನೋಡುವುದು

ಒಂದೆರಡು ಸಾಲುಗಳಾದರೆ ವಾಕ್ಯದೊಳಗೇ ಉದ್ಧರಣ ಚಿಹ್ನೆಯಲ್ಲಿಟ್ಟು, ಸಾಲು ಮುರಿಯುವಲ್ಲಿ ಓರೆಗೆರೆ ಹಾಕಿದರೆ ಸಾಕು. ಅದಕ್ಕಿಂತ ಹೆಚ್ಚಾದರೆ ಪದ್ಯವನ್ನು ಬೇರೆ ಮಾಡಿ, ಎಡದಿಂದ ಒಳಕ್ಕೆ ಸರಿಸಿ, ಚಿಹ್ನೆಗಳಿಲ್ಲದೆ ಇಡಬೇಕು: ಮೇಲೆ ಮೂಲ, ಅದರ ಕೆಳಗೆ ಲಿಪ್ಯಂತರ, ಅದರ ಕೆಳಗೆ ಅನುವಾದ, ಕೊನೆಗೆ ಹೆಸರಿನ ಸಾಲು. ಮೂರರಲ್ಲೂ ಸಾಲುಗಳ ಸಂಖ್ಯೆ ಒಂದೇ ಇದ್ದರೆ ಓದುಗನು ತಾನೇ ಹೊಂದಿಸಿಕೊಳ್ಳುತ್ತಾನೆ; ಅನುವಾದದಲ್ಲಿ ಸಾಲು ಹೆಚ್ಚಾಗಿದ್ದರೆ ಅಂಚಿನಲ್ಲಿ ಸಂಖ್ಯೆ ಕೊಡಿ.

ಹೆಸರಿನ ಸಾಲನ್ನು ನಾನು ಅಡಿಟಿಪ್ಪಣಿಗೆ ಕಳಿಸುವುದಿಲ್ಲ. ಒಮ್ಮೆ ಒಂದು ಸ್ಮರಣ ಸಂಚಿಕೆಯಲ್ಲಿ ಪುಟ ಕಟ್ಟುವಾಗ ಜಾಗ ಸಾಲದೆ ನನ್ನ ಲೇಖನದ ಅಡಿಟಿಪ್ಪಣಿಗಳನ್ನೆಲ್ಲ ತೆಗೆದುಬಿಟ್ಟರು. ಬೇರೊಬ್ಬರ ಅನುವಾದ ಹೆಸರಿಲ್ಲದೆ ನನ್ನ ಲೇಖನದ ನಡುವೆ ನಿಂತಿತು. ಅದನ್ನು ಮೆಚ್ಚಿ ನನಗೆ ಪತ್ರ ಬರೆದವರಿಗೆಲ್ಲ ಅದು ನನ್ನದಲ್ಲವೆಂದು ಉತ್ತರಿಸಿದೆ, ಬರೆಯದೆ ಓದಿದವರಿಗೆ ಉತ್ತರಿಸಲು ಆಗಲಿಲ್ಲ. ಅಂದಿನಿಂದ ಹೆಸರು ಪದ್ಯಕ್ಕೆ ಅಂಟಿಕೊಂಡೇ ಇರಬೇಕೆಂದು, ಪದ್ಯದ ಕೊನೆಯ ಸಾಲಿನ ನೇರ ಕೆಳಗೆ ಬರೆಯುತ್ತೇನೆ.

ಯುನಿಕೋಡ್‌ನಲ್ಲಿ ಬರೆದದ್ದನ್ನು ಹಳೆಯ ಫಾಂಟ್‌ಗೆ ಪರಿವರ್ತಿಸಿ ಪುಟ ಕಟ್ಟುವ ಮುದ್ರಣಾಲಯಗಳು ಇನ್ನೂ ಇವೆ, ಮತ್ತು ಆ ಪರಿವರ್ತನೆಯಲ್ಲಿ ಮೊದಲು ಕಳೆದುಹೋಗುವುದು ೞ ಮತ್ತು ಱ. ಕೆಲವೊಮ್ಮೆ ಖಾಲಿ ಚೌಕ ಬರುತ್ತದೆ, ಕೆಲವೊಮ್ಮೆ ಏನೂ ಬರದೆ ಅಕ್ಕಪಕ್ಕದ ಅಕ್ಷರಗಳು ಕೂಡಿಕೊಂಡುಬಿಡುತ್ತವೆ. ಎರಡನೆಯದು ಹೆಚ್ಚು ಅಪಾಯ, ಕಣ್ಣಿಗೆ ಕಾಣುವುದಿಲ್ಲ. ಹಸ್ತಪ್ರತಿಯ ಜೊತೆಗೆ ಪದ್ಯ ಇರುವ ಪುಟದ ಪಿಡಿಎಫ್ ಒಂದನ್ನು ಕಳಿಸಿ, ಈ ಅಕ್ಷರಗಳು ಎಷ್ಟು ಬಾರಿ ಬಂದಿವೆ ಎಂದು ಬರೆದಿಡಿ. ಈ ಪದ್ಯದಲ್ಲಿ ೞ ಒಂದು ಸಲ, ಱ ಎರಡು ಸಲ.

ನನ್ನ ತಿದ್ದಿದ ಪ್ರಬಂಧ ಮತ್ತೆ ಅಚ್ಚಿಗೆ ಹೋದಾಗ ಕರಡನ್ನು ಫೋಟೋ ತೆಗೆದು ಭದ್ರಾವತಿಗೆ ಕಳಿಸಿದೆ. ಅವರು ಶಾಲೆ ಕಲಿತದ್ದು ಕನ್ನಡದಲ್ಲೇ. ಫೋನಿನಲ್ಲಿ ಲಿಪ್ಯಂತರವನ್ನು ಗಟ್ಟಿಯಾಗಿ ಓದುತ್ತ ಬಂದವರು ಮೂರನೆಯ ಸಾಲಿನ ನಡುವೆ ನಿಂತರು. “ಇಲ್ಲಿ ‘ಎವ್ವಿ’ ಅಂತ ಇದೆಯಲ್ಲ ಮೇಷ್ಟ್ರೇ” ಎಂದರು. ಹಸ್ತಪ್ರತಿಯಲ್ಲಿ ‘ಎವ್ವೞಿ’ ಎಂದೇ ಇತ್ತು. ಮುದ್ರಣಾಲಯದವರು ಆ ಒಂದು ಸಾಲಿಗೆ ಯುನಿಕೋಡ್ ಫಾಂಟ್ ಹಾಕಿಕೊಟ್ಟರು. ಭದ್ರಾವತಿಯ ಹಿರಿಯರು ಮತ್ತೊಮ್ಮೆ ಪೂರ್ತಿ ಓದಿ ಸರಿ ಎಂದ ಮೇಲೆ ಪುಟ ಅಚ್ಚಿಗೆ ಹೋಯಿತು.